ಕರ್ನಾಟಕ ಎಂಬ ಏಳು ಸಂಖ್ಯೆಗಳು

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. ಒಂದೇ ಕನ್ನಡ ಸಂದೇಶ ಒಂದು ಫೋನಿನಲ್ಲಿ ಮುದ್ದಾಗಿ ಕಾಣುತ್ತದೆ, ಇನ್ನೊಂದರಲ್ಲಿ ಒತ್ತುಗಳು ಬಿಡಿಬಿಡಿಯಾಗಿ ಬೀಳುತ್ತವೆ, ಕಚೇರಿಯ ಹಳೆಯ ಕಂಪ್ಯೂಟರಿನಲ್ಲಿ ಬರೀ ಚೌಕಗಳು ಬರುತ್ತವೆ. ಯೂನಿಕೋಡ್ ಬಂದಮೇಲೂ ಹೀಗೇಕೆ? ಈ ಪ್ರಶ್ನೆಯೊಳಗೆ ಒಂದು ನಂಬಿಕೆ ಅಡಗಿದೆ: ಪರದೆಯ ಮೇಲೆ ಅಕ್ಷರ ಮೂಡಿಸುವುದು ಯೂನಿಕೋಡಿನ ಕೆಲಸ ಎಂಬುದು. ಅದು ನಿಜವಲ್ಲ. ಯೂನಿಕೋಡ್ ಒಂದು ಅಕ್ಷರವನ್ನೂ ಬರೆಯುವುದಿಲ್ಲ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ, ಆ ಸಂಖ್ಯೆಗಳನ್ನು ಯಾವ ಕ್ರಮದಲ್ಲಿ ಇಡಬೇಕು ಎಂಬಷ್ಟನ್ನು ಅದು ಗೊತ್ತುಮಾಡುತ್ತದೆ. ಅಕ್ಷರಕ್ಕೆ ರೂಪ ಕೊಡುವವರು ಬೇರೆ. ಕನ್ನಡ ಎಲ್ಲ ಯಂತ್ರಗಳಲ್ಲೂ ಸರಿಯಾಗಿ ಕಾಣುವಂತಾದದ್ದು ಈ ಎರಡು ಕೆಲಸಗಳನ್ನು ಬೇರ್ಪಡಿಸಿದ್ದರಿಂದಲೇ ಎಂಬುದು ನನ್ನ ವಾದ. ಇಂದಿಗೂ ಉಳಿದಿರುವ ತೊಡಕುಗಳಲ್ಲಿ ಹೆಚ್ಚಿನವು ನಾವು ಅವನ್ನು ಮತ್ತೆ ಬೆರೆಸುವುದರಿಂದ ಹುಟ್ಟುತ್ತವೆ. ಇದನ್ನು ತೋರಿಸಲು ಒಂದೇ ಪದ ಸಾಕು: ಕರ್ನಾಟಕ.

ಕಂಪ್ಯೂಟರಿನ ಸ್ಮೃತಿಯಲ್ಲಿ ಇರುವುದು ಸಂಖ್ಯೆಗಳು ಮಾತ್ರ. ಇಂಗ್ಲಿಷಿಗಾಗಿ ರೂಪಿಸಿದ ಆಸ್ಕಿ ಪಟ್ಟಿಯಲ್ಲಿ 128 ಸ್ಥಾನಗಳಿದ್ದವು. ಎಂಟು ಬಿಟ್‌ಗಳ ಲೆಕ್ಕದಲ್ಲಿ ಅದನ್ನು 256ರವರೆಗೆ ಹಿಗ್ಗಿಸಬಹುದಿತ್ತು, ಆ ಹೆಚ್ಚುವರಿ ಜಾಗದಲ್ಲಿ ಐರೋಪ್ಯ ಭಾಷೆಗಳ ಅಕ್ಷರಗಳು ಕುಳಿತಿದ್ದವು. ಕನ್ನಡಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಹಾಗಾಗಿ ತೊಂಬತ್ತರ ದಶಕದ ತಂತ್ರಾಂಶಗಾರರು ಒಂದು ಉಪಾಯ ಹೂಡಿದರು. ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಸ್ಥಾನಗಳನ್ನೇ ಹಿಡಿದು, ಫಾಂಟಿನಲ್ಲಿ ಆ ಚಿತ್ರಗಳ ಬದಲು ಕನ್ನಡದ ತುಣುಕುಗಳನ್ನು ಕೂರಿಸಿದರು. ಈ ತುಣುಕುಗಳು ಅಚ್ಚುಕೂಟದ ಮೊಳೆಗಳಿದ್ದ ಹಾಗೆ: ತಲೆಕಟ್ಟಿಲ್ಲದ ಒಡಲು ಒಂದು, ತಲೆಕಟ್ಟು ಇನ್ನೊಂದು, ಇಳಿ ಮತ್ತೊಂದು, ಒತ್ತುಗಳು ಬೇರೆ. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಕಡತವೊಂದರಲ್ಲಿ ಕರ್ನಾಟಕ ಎಂದು ಬರೆದಿದ್ದರೆ, ಫಾಂಟನ್ನು ತೆಗೆದು ನೋಡಿದಾಗ ಕಾಣುವುದು ಇದು:

```
PÀ£ÁðlPÀ
```

ಸರ್ಕಾರಿ ಸುತ್ತೋಲೆಗಳನ್ನು ಇಮೇಲಿನಲ್ಲಿ ತೆರೆದವರಿಗೆ ಈ ರೂಪ ಪರಿಚಿತವೇ. ಇದು ಕಸವಲ್ಲ, ಓದಲು ಬರುತ್ತದೆ. P ಎಂಬ ಸ್ಥಾನದಲ್ಲಿ ಕಕಾರದ ಒಡಲಿದೆ, À ಎಂಬುದು ಅದರ ತಲೆಕಟ್ಟು. £ ನಕಾರದ ಒಡಲು, Á ಅದಕ್ಕೆ ಸೇರುವ ದೀರ್ಘ. ನಂತರದ ð ಅರ್ಕಾವತ್ತು. l ಎಂಬುದು ಟ. ಟಕಾರಕ್ಕೆ ಬೇರೆ ತಲೆಕಟ್ಟು ಬೇಡವಾದ್ದರಿಂದ ಅಲ್ಲಿ À ಇಲ್ಲ. ಕೊನೆಗೆ ಮತ್ತೆ ಕ. ಬಾಯಲ್ಲಿ ನಾವು ರ್ ಅನ್ನು ನಾ ಗಿಂತ ಮೊದಲು ಉಚ್ಚರಿಸುತ್ತೇವೆ. ಆದರೆ ಇಲ್ಲಿ ಅದು ನಾ ಆದಮೇಲೆ ಬಂದಿದೆ, ಏಕೆಂದರೆ ಕಾಗದದ ಮೇಲೆ ಅರ್ಕಾವತ್ತನ್ನು ಬರೆಯುವುದು ಅಲ್ಲಿ. ಅಂದರೆ ಕಡತದಲ್ಲಿ ಇದ್ದದ್ದು ಕರ್ನಾಟಕ ಎಂಬ ಪದವಲ್ಲ, ಆ ಪದವನ್ನು ಚಿತ್ರಿಸಲು ಬೇಕಾದ ಎಂಟು ಗೆರೆತುಣುಕುಗಳು. ಅವುಗಳ ಅರ್ಥ ಬಲ್ಲದ್ದು ಆ ಫಾಂಟ್ ಒಂದೇ. ಫಾಂಟ್ ಇಲ್ಲದ ಯಂತ್ರಕ್ಕೆ ಅದು ಲ್ಯಾಟಿನ್ ಬರವಣಿಗೆ. ಒಂದೊಂದು ಕಂಪನಿ ಒಂದೊಂದು ಬಗೆಯಲ್ಲಿ ತುಣುಕುಗಳನ್ನು ಹಂಚಿದ್ದರಿಂದ ಒಬ್ಬರ ಫಾಂಟಿನಿಂದ ಇನ್ನೊಬ್ಬರ ಕಡತ ಓದಲೂ ಆಗುತ್ತಿರಲಿಲ್ಲ. ಆ ಕಾಲದ ತಂತ್ರಾಂಶಗಾರರನ್ನು ಇದಕ್ಕಾಗಿ ದೂರುವುದು ಸಲ್ಲದು. ಕಾಗದದ ಮೇಲೆ ಅಚ್ಚಾಗಿ ಬರುವ ಕನ್ನಡ ಅವರ ಗುರಿಯಾಗಿತ್ತು, ಅದನ್ನು ಅವರು ಚೆನ್ನಾಗಿಯೇ ಸಾಧಿಸಿದರು. ಕಾಗದ ಬಿಟ್ಟು ಫೋನಿಗೆ, ಅಂತರಜಾಲಕ್ಕೆ, ಹುಡುಕಾಟಕ್ಕೆ ಕನ್ನಡ ಹೋಗಬೇಕಾದಾಗ ಆ ದಾರಿ ಮುಗಿಯಿತು.

ಯೂನಿಕೋಡ್ ಹಿಡಿದದ್ದು ಬೇರೆ ದಾರಿ. 1991ರಲ್ಲಿ ಹೊರಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಭಾರತದಲ್ಲೇ 1988ರಲ್ಲಿ ರೂಪುಗೊಂಡಿದ್ದ ಇಸ್ಕಿ ಎಂಬ ಸಂಕೇತಪಟ್ಟಿಯ ಏರ್ಪಾಡನ್ನು ಅದು ಬಹುಮಟ್ಟಿಗೆ ಹಾಗೆಯೇ ಎತ್ತಿಕೊಂಡಿತು. 0C80ರಿಂದ 0CFFವರೆಗಿನ 128 ಸ್ಥಾನಗಳು ಕನ್ನಡದವು. ಇವು ಹದಿನಾರರ ಲೆಕ್ಕದ ಸಂಖ್ಯೆಗಳು, ಆದ್ದರಿಂದಲೇ ನಡುವೆ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಈ ಪಟ್ಟಿಯಲ್ಲಿ ಸ್ವರಗಳಿವೆ, ವ್ಯಂಜನಗಳಿವೆ, ಕಾಗುಣಿತದ ಚಿಹ್ನೆಗಳಿವೆ, ಅಂಕಿಗಳಿವೆ, ಹಲಂತದ ಚಿಹ್ನೆ ಒಂದಿದೆ. ಇಲ್ಲದಿರುವುದು ಏನು ಎಂಬುದನ್ನು ಗಮನಿಸಬೇಕು: ಒತ್ತಕ್ಷರಗಳಿಲ್ಲ, ತಲೆಕಟ್ಟು ಇಲ್ಲ, ಅರ್ಕಾವತ್ತಿಗೂ ಸಂಖ್ಯೆ ಇಲ್ಲ. ಹಾಗಿದ್ದೂ ಕರ್ನಾಟಕ ಎಂಬ ಪದ ಇಲ್ಲಿ ಪೂರ್ತಿಯಾಗಿ ದಾಖಲಾಗುತ್ತದೆ, ಏಳು ಸಂಖ್ಯೆಗಳಲ್ಲಿ:

```
ಕ   0C95
ರ   0CB0
್   0CCD
ನ   0CA8
ಾ   0CBE
ಟ   0C9F
ಕ   0C95
```

ಈ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಶಾಲೆಯಲ್ಲಿ ಮಗು ಪದವನ್ನು ಬಿಡಿಸಿ ಹೇಳುವ ಕ್ರಮವೇ ಸಿಗುತ್ತದೆ. ರಕಾರ ಬಂತು, ಅದರ ಅಕಾರವನ್ನು ಹಲಂತ ಕಳೆಯಿತು, ಅದಕ್ಕೆ ನಕಾರ ಸೇರಿತು, ನಕಾರಕ್ಕೆ ದೀರ್ಘ ಬಂತು. ಗೆರೆ ಎಲ್ಲಿ ಬೀಳುತ್ತದೆ ಎಂಬ ಮಾತೇ ಇಲ್ಲಿಲ್ಲ. ನಿಮ್ಮ ಫೋನಿನಲ್ಲೇ ಇದನ್ನು ಪರೀಕ್ಷಿಸಿ ನೋಡಬಹುದು. ಕರ್ನಾ ಎಂದು ಟೈಪ್ ಮಾಡಿ, ಅಳಿಸುವ ಕೀಲಿಯನ್ನು ಒಂದೊಂದೇ ಸಲ ಒತ್ತಿ. ಬಹುತೇಕ ಕೀಲಿಮಣೆಗಳಲ್ಲಿ ಮೊದಲು ದೀರ್ಘ ಹೋಗಿ ಕರ್ನ ಉಳಿಯುತ್ತದೆ. ಎರಡನೆಯ ಸಲಕ್ಕೆ ನಕಾರ ಹೋಗಿ ಕರ್ ಆಗುತ್ತದೆ. ಮೂರನೆಯ ಸಲಕ್ಕೆ ಹಲಂತ ಕಳಚಿ ಕರ ಉಳಿಯುತ್ತದೆ. ಕಣ್ಣಿಗೆ ಕಟ್ಟಕಡೆಯಲ್ಲಿ ಕಾಣುವ ಅರ್ಕಾವತ್ತು ಮೊದಲು ಅಳಿಯುವುದಿಲ್ಲ, ಏಕೆಂದರೆ ಒಳಗಿನ ಸಾಲಿನಲ್ಲಿ ಅದು ಕೊನೆಯಲ್ಲಿಲ್ಲ.

ಹಾಗಾದರೆ ಈ ಸಂಖ್ಯೆಗಳು ಅಕ್ಷರವಾಗುವುದು ಎಲ್ಲಿ? ಪ್ರತಿ ಫೋನಿನಲ್ಲೂ ಕಂಪ್ಯೂಟರಿನಲ್ಲೂ ಅಕ್ಷರ ಜೋಡಿಸುವ ಒಂದು ತಂತ್ರಾಂಶ ಇರುತ್ತದೆ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್‌ಗಳಲ್ಲಿ ಅದರ ಹೆಸರು ಹಾರ್ಫ್‌ಬಝ್. ಆಪಲ್ ಸಾಧನಗಳಲ್ಲಿ ಕೋರ್ ಟೆಕ್ಸ್ಟ್. ವಿಂಡೋಸ್‌ನಲ್ಲಿ ಬಹುಕಾಲ ಯುನಿಸ್ಕ್ರೈಬ್ ಇತ್ತು. ಇದು ಸಂಖ್ಯೆಗಳ ಸಾಲನ್ನು ಮೊದಲು ಅಕ್ಷರಗಳಾಗಿ ಒಡೆಯುತ್ತದೆ: ಕ, ರ್ನಾ, ಟ, ಕ. ಎರಡನೆಯ ಅಕ್ಷರದ ಆರಂಭದಲ್ಲಿ ರಕಾರ ಮತ್ತು ಹಲಂತ ಜೊತೆಯಾಗಿ ಬಂದು ಮುಂದೆ ಇನ್ನೊಂದು ವ್ಯಂಜನ ಇದೆ. ಕನ್ನಡ ಲಿಪಿಯ ನಿಯಮದಂತೆ ಅದು ಅರ್ಕಾವತ್ತು ಆಗಬೇಕು. ಆ ಜೋಡಿಯನ್ನು ಎತ್ತಿ ಅಕ್ಷರದ ಕೊನೆಗೆ ಸಾಗಿಸುತ್ತದೆ. ಆಮೇಲೆ ಫಾಂಟನ್ನು ಕೇಳುತ್ತದೆ: ನಿನ್ನಲ್ಲಿ ಅರ್ಕಾವತ್ತಿನ ಚಿತ್ರ ಯಾವುದು, ನಕಾರಕ್ಕೆ ದೀರ್ಘ ಸೇರಿದಾಗ ಯಾವ ರೂಪ ಬಳಸಬೇಕು? ಫಾಂಟಿನೊಳಗೆ ಇಂಥ ಬದಲಾವಣೆಗಳ ಪಟ್ಟಿಯೇ ಇರುತ್ತದೆ. ಅಕ್ಷರವಿನ್ಯಾಸಕರು ಚಿತ್ರ ಬರೆಯುವಷ್ಟೇ ಶ್ರಮವನ್ನು ಈ ಪಟ್ಟಿಗೂ ಹಾಕಬೇಕಾಗುತ್ತದೆ. ನಕಾರದ ತಲೆಕಟ್ಟು ಬಿಟ್ಟುಹೋಗಿ ದೀರ್ಘ ಬಂದು ಕೂಡಿದ್ದು, ಅದರ ಬಲಕ್ಕೆ ಅರ್ಕಾವತ್ತು ಕುಳಿತದ್ದು, ಎಲ್ಲವೂ ಪರದೆ ತೆರೆದ ಆ ಕ್ಷಣದಲ್ಲೇ ಆಗುತ್ತದೆ, ಪ್ರತಿ ಸಲವೂ ಹೊಸದಾಗಿ.

ಈ ಕೆಲಸ ಬೇರೆಯವರದ್ದು ಎಂಬುದಕ್ಕೆ ಚರಿತ್ರೆಯೇ ಸಾಕ್ಷಿ. 1991ರಲ್ಲೇ ಕನ್ನಡಕ್ಕೆ ಸಂಖ್ಯೆಗಳು ಸಿಕ್ಕರೂ ಸಾಮಾನ್ಯ ಬಳಕೆದಾರನ ಕಂಪ್ಯೂಟರಿನಲ್ಲಿ ಅವು ಅಕ್ಷರವಾದದ್ದು ಹತ್ತು ವರ್ಷಗಳ ನಂತರ, 2001ರಲ್ಲಿ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಫಾಂಟನ್ನು ಹೊತ್ತು ಬಂದಾಗ. ಆಗಲೂ ಸಂಕೀರ್ಣ ಲಿಪಿಗಳ ಬೆಂಬಲವನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕಿತ್ತು. ಫೋನುಗಳು ಇನ್ನೂ ತಡ ಮಾಡಿದವು. ಆಂಡ್ರಾಯ್ಡ್‌ನಲ್ಲಿ ಕನ್ನಡ, ತೆಲುಗು, ಮಲಯಾಳಂಗಳಿಗೆ ಬೆಂಬಲ ಬಂದದ್ದು 2012ರ 4.1 ಆವೃತ್ತಿಯಲ್ಲಿ. ಅಲ್ಲಿಯವರೆಗೆ ಫೋನಿನಲ್ಲಿ ಕನ್ನಡ ತಾಣಗಳನ್ನು ಓದಬೇಕೆಂದವರು ಒಪೆರಾ ಮಿನಿಯ ಒಳಗಿನ ಒಂದು ಆಯ್ಕೆಯನ್ನು ಬದಲಿಸಿಕೊಳ್ಳುತ್ತಿದ್ದರು. ಆಗ ಆ ಕಂಪನಿಯ ದೂರದ ಸರ್ವರ್ ಅಕ್ಷರಗಳನ್ನು ಜೋಡಿಸಿ ಚಿತ್ರ ಮಾಡಿ ಫೋನಿಗೆ ಕಳಿಸುತ್ತಿತ್ತು. ಸಂಖ್ಯೆಗಳು ಅವೇ, ಜೋಡಿಸುವವರು ಮಾತ್ರ ಬೇರೆ. 2005ರಲ್ಲಿ ಯೂನಿಕೋಡಿನಲ್ಲಿ ಬರೆದಿಟ್ಟ ಬ್ಲಾಗ್ ಬರಹವೊಂದು ಅಂದಿನ ಫೋನಿನಲ್ಲಿ ಬರೀ ಚೌಕವಾಗಿತ್ತು, ಇಂದಿನ ಫೋನಿನಲ್ಲಿ ಚೊಕ್ಕವಾಗಿ ಕಾಣುತ್ತದೆ. ಅದರ ಒಂದು ಸಂಖ್ಯೆಯನ್ನೂ ಯಾರೂ ಮುಟ್ಟಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದರಲ್ಲಿ ಹುರುಳೂ ಇದೆ. ಪ್ರತಿ ಸಲ ಜೋಡಿಸುವ ತೊಂದರೆ ಏಕೆ, ರ್ನಾ, ಕ್ಷ್ಮಿ, ಸ್ತ್ರೀ ಎಂದು ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಟ್ಟಿದ್ದರೆ ಯಾವ ಯಂತ್ರದಲ್ಲೂ ಒಡೆಯುತ್ತಿರಲಿಲ್ಲವಲ್ಲ? ಕೊರಿಯನ್ ಭಾಷೆಗೆ ಹಾಗೆಯೇ 11,172 ಜೋಡಿಸಿದ ಅಕ್ಷರಗಳನ್ನು ಯೂನಿಕೋಡ್ ಕೊಟ್ಟಿದೆ. ತಮಿಳರೂ ತಮ್ಮ ಎಲ್ಲ ಅಕ್ಷರಗಳಿಗೆ ಸ್ಥಾನ ಬೇಕೆಂದು ವಾದಿಸಿದರು, ತಮಿಳುನಾಡು ಸರ್ಕಾರ 2010ರಲ್ಲಿ ಯೂನಿಕೋಡಿನ ಜೊತೆಗೆ ಅಂಥದೊಂದು ಪಟ್ಟಿಯನ್ನೂ ಅಂಗೀಕರಿಸಿತು. ಆದರೆ ಕೊರಿಯನ್ ಅಕ್ಷರದ ಕಟ್ಟಡಕ್ಕೆ ಮಿತಿ ಇದೆ, ತಮಿಳಿನಲ್ಲಿ ಒತ್ತಕ್ಷರಗಳೇ ವಿರಳ. ಕನ್ನಡದ ಲೆಕ್ಕ ಹಾಗಲ್ಲ. ವರ್ಗೀಯ, ಅವರ್ಗೀಯ ಸೇರಿ 34 ವ್ಯಂಜನಗಳೆಂದು ಹಿಡಿದರೆ ಎರಡೆರಡರ ಜೋಡಿಗಳೇ 1,156. ರಾಷ್ಟ್ರದಲ್ಲಿರುವಂತೆ ಮೂರು ವ್ಯಂಜನ ಕೂಡಿದರೆ 39,304. ಇದರ ಮೇಲೆ ಪ್ರತಿಯೊಂದಕ್ಕೂ ಕಾಗುಣಿತ. ಇವುಗಳಲ್ಲಿ ಬಳಕೆಯಾಗುವುದು ಸಣ್ಣ ಪಾಲು ಎಂಬುದು ನಿಜ, ಆದರೆ ಯಾವ ಪಾಲು ಎಂದು ಮುಂಚೆಯೇ ಹೇಳುವವರು ಯಾರು? ಟೆಕ್ಸ್ಟ್ ಎಂದು ಬರೆಯಬೇಕಾಗಿ ಬಂದಾಗ ಹಳಗನ್ನಡವಾಗಲಿ ಸಂಸ್ಕೃತವಾಗಲಿ ಕೇಳದ ಜೋಡಣೆಯೊಂದು ಕನ್ನಡಕ್ಕೆ ಬಂತು. ತುಳು, ಕೊಂಕಣಿ, ಬ್ಯಾರಿ ಬರೆಯುವವರೂ ಇದೇ ಲಿಪಿಯನ್ನು ಬಳಸುತ್ತಾರೆ, ಅವರ ಅಗತ್ಯಗಳು ಬೇರೆ. ಮುಚ್ಚಿದ ಪಟ್ಟಿ ಮಾಡಿದ್ದರೆ ಪ್ರತಿ ಹೊಸ ಒತ್ತಕ್ಷರಕ್ಕೂ ಅರ್ಜಿ ಹಾಕಿ ಕಾಯಬೇಕಿತ್ತು. ಹಲಂತವೊಂದನ್ನು ಕೊಟ್ಟು ಉಳಿದದ್ದನ್ನು ಬರೆಯುವವರಿಗೆ ಬಿಟ್ಟದ್ದು ಕನ್ನಡದ ಸ್ವಭಾವಕ್ಕೆ ಒಪ್ಪುವ ತೀರ್ಮಾನ ಎಂದೇ ನನಗೆ ಅನ್ನಿಸುತ್ತದೆ. ಇದಕ್ಕೆ ತೆತ್ತ ಬೆಲೆಯೂ ಇದೆ. ಯುಟಿಎಫ್-8 ಎಂಬ ಸಾಮಾನ್ಯ ವಿಧಾನದಲ್ಲಿ ಪ್ರತಿ ಕನ್ನಡ ಸಂಖ್ಯೆಗೆ ಮೂರು ಬೈಟ್ ಬೇಕು, ಕರ್ನಾಟಕಕ್ಕೆ 21. ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿಗೆ 160 ಅಕ್ಷರ ಹಿಡಿಸುವಲ್ಲಿ ಕನ್ನಡದ ಚಿಹ್ನೆಗಳು 70 ಮಾತ್ರ ಹಿಡಿಸುತ್ತವೆ, ಹಲಂತವೂ ಆ ಲೆಕ್ಕದಲ್ಲಿ ಸೇರುತ್ತದೆ. ಸಂದೇಶಕ್ಕೆ ಹಣ ತೆರುವವರಿಗೆ ಇದು ಹೊರೆಯೇ.

ಕೆಲಸ ಹಂಚಿಹೋಗಿದೆ ಎಂಬುದು ಗೊತ್ತಾದರೆ ದೋಷ ಎಲ್ಲಿದೆ ಎಂದು ಪರದೆ ನೋಡಿಯೇ ಹೇಳಬಹುದು. ಚೌಕಗಳ ಸಾಲು ಕಂಡರೆ ಸಂಖ್ಯೆಗಳು ಕ್ಷೇಮವಾಗಿವೆ, ಆ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲ ಎಂದರ್ಥ. ಫಾಂಟ್ ಹಾಕಿದರೆ ಮುಗಿಯಿತು. ಅಕ್ಷರಗಳು ಕನ್ನಡವೇ, ಆದರೆ ಒತ್ತುಗಳು ಕೆಳಗಿಳಿಯದೆ ಹಲಂತ ಹೊತ್ತು ಸಾಲಾಗಿ ನಿಂತಿದ್ದರೆ ಜೋಡಿಸುವ ತಂತ್ರಾಂಶ ಕೆಲಸ ಮಾಡುತ್ತಿಲ್ಲ. ಚುಕ್ಕೆಗಳ ಸಣ್ಣ ವೃತ್ತವೊಂದರ ಪಕ್ಕದಲ್ಲಿ ಕಾಗುಣಿತದ ಚಿಹ್ನೆ ಒಂಟಿಯಾಗಿ ಕಂಡರೆ ಅದಕ್ಕೆ ಆಸರೆಯಾಗಬೇಕಾದ ವ್ಯಂಜನ ಹಿಂದಿಲ್ಲ, ಅಂದರೆ ಸಂಖ್ಯೆಗಳ ಕ್ರಮವೇ ತಪ್ಪಿದೆ. ಟೈಪ್ ಮಾಡಿದವರು ಚಿಹ್ನೆಯನ್ನು ಎರಡು ಸಲ ಒತ್ತಿರಬಹುದು. ಇನ್ನೊಂದು ಬಗೆಯ ಕೆಡುಕಿದೆ: à² ಮತ್ತು à³ ಎಂಬ ಜೋಡಿಗಳು ಪುಟದ ತುಂಬ ಮರುಕಳಿಸುತ್ತವೆ. ಕಕಾರದ ಮೂರು ಬೈಟ್‌ಗಳು E0 B2 95. ಅವನ್ನು ಮೂರು ಬೇರೆ ಬೇರೆ ಐರೋಪ್ಯ ಚಿಹ್ನೆಗಳೆಂದು ಓದಿದರೆ à²• ಆಗುತ್ತದೆ. ಇಲ್ಲಿ ಕೆಟ್ಟಿರುವುದು ಓದುವ ವಿಧಾನ, ಮಾಹಿತಿಯಲ್ಲ. ಕಡತವನ್ನು ಯುಟಿಎಫ್-8 ಎಂದು ಹೇಳಿ ಮತ್ತೆ ತೆರೆದರೆ ಕನ್ನಡ ಮರಳುತ್ತದೆ. ನಿಜಕ್ಕೂ ಅಂಜಬೇಕಾದದ್ದು ಪ್ರಶ್ನಾರ್ಥಕ ಚಿಹ್ನೆಗಳ ಸಾಲಿಗೆ. ಕನ್ನಡ ತಿಳಿಯದ ತಂತ್ರಾಂಶವೊಂದು ಪ್ರತಿ ಸಂಖ್ಯೆಯನ್ನೂ ? ಆಗಿ ಬದಲಿಸಿ ಉಳಿಸಿಬಿಟ್ಟಿರುತ್ತದೆ. ಅಲ್ಲಿ ಮರಳಿ ಪಡೆಯಲು ಏನೂ ಉಳಿದಿಲ್ಲ, ಮೂಲ ಪ್ರತಿಯನ್ನೇ ಹುಡುಕಬೇಕು.

ಉಚ್ಚಾರಣೆಯ ಕ್ರಮವೊಂದೇ ಸಾಲದ ಜಾಗಗಳೂ ಕನ್ನಡದಲ್ಲಿವೆ. ರಾಜ್‌ಕುಮಾರ್ ಎಂಬ ಹೆಸರನ್ನು ಹಾಗೆಯೇ ಟೈಪ್ ಮಾಡಿದರೆ ಜಕಾರದ ಹಲಂತದ ಮುಂದೆ ಕಕಾರ ಬಂದದ್ದರಿಂದ ಯಂತ್ರ ನಿಯಮದಂತೆ ನಡೆದು ರಾಜ್ಕುಮಾರ್ ಎಂದು ಒತ್ತಕ್ಷರ ಮಾಡುತ್ತದೆ. ಇನ್ನು ಪರೀಕ್ಷೆಯ ಸುದ್ದಿಗಳಲ್ಲಿ ಬರುವ ರ‍್ಯಾಂಕ್. ರಕಾರ, ಹಲಂತ, ಯಕಾರ ಎಂದೇ ಬರೆದರೆ ಸೂರ್ಯ ಪದದಲ್ಲಿ ಆಗುವಂತೆ ಅರ್ಕಾವತ್ತು ಬಂದು ರ್ಯಾಂಕ್ ಆಗುತ್ತದೆ, ಓದುವವರು ತಡವರಿಸುತ್ತಾರೆ. ಈ ಎರಡು ಸಂದರ್ಭಗಳಿಗಾಗಿ ಯೂನಿಕೋಡ್ ಎರಡು ಕಾಣದ ಗುರುತುಗಳನ್ನು ಇಟ್ಟಿದೆ. 200C ಬೇರ್ಪಡಿಸುವ ಗುರುತು, ಅದನ್ನು ಜಕಾರದ ಹಲಂತದ ನಂತರ ಇಟ್ಟರೆ ಒತ್ತು ಕೂಡುವುದಿಲ್ಲ. 200D ಕೂಡಿಸುವ ಗುರುತು, ಅದನ್ನು ರಕಾರಕ್ಕೂ ಹಲಂತಕ್ಕೂ ನಡುವೆ ಇಟ್ಟರೆ ರಕಾರ ಇಡಿಯಾಗಿ ಉಳಿದು ಯಕಾರ ಒತ್ತಾಗುತ್ತದೆ. ಸ್ಥಾನ ಇಲ್ಲಿ ಮುಖ್ಯ. ಹಲಂತದ ಹಿಂದೆ ಇಡಬೇಕಾದದ್ದನ್ನು ಮುಂದೆ ಇಟ್ಟರೆ ರೂಪ ಬದಲಾಗುತ್ತದೆ ಅಥವಾ ಒಂದೊಂದು ಯಂತ್ರದಲ್ಲಿ ಒಂದೊಂದು ಬಗೆಯಾಗಿ ಕಾಣುತ್ತದೆ. ಈ ಗುರುತುಗಳಿಗೆ ಅಗಲವಿಲ್ಲ, ಬಣ್ಣವಿಲ್ಲ. ಪದದ ತುದಿಯ ಅರ್ಧಾಕ್ಷರದ ನಂತರ 200C ಒಂದು ಕುಳಿತಿದ್ದರೆ ಕಣ್ಣಿಗೆ ಗೊತ್ತಾಗುವುದೇ ಇಲ್ಲ, ಆದರೆ ಹೆಸರುಗಳ ಪಟ್ಟಿಯಲ್ಲಿ ಕುಮಾರ್ ಎಂಬುದು ಎರಡು ಬೇರೆ ಹೆಸರುಗಳಾಗಿಬಿಡುತ್ತದೆ. ಯೂನಿಕೋಡಿನ ಕನ್ನಡದಲ್ಲಿ ನನಗೆ ಎಲ್ಲಕ್ಕಿಂತ ದುರ್ಬಲ ಎನ್ನಿಸುವ ಭಾಗ ಇದೇ. ಬರವಣಿಗೆಯ ಅರ್ಥಕ್ಕೆ ಬೇಕಾದ ವ್ಯತ್ಯಾಸವೊಂದನ್ನು ಕಾಣದ ಗುರುತಿನ ಹೆಗಲಿಗೆ ಹಾಕಿದ್ದಾರೆ, ಹೆಚ್ಚಿನ ಫೋನ್ ಕೀಲಿಮಣೆಗಳಲ್ಲಿ ಆ ಗುರುತಿನ ಕೀಲಿ ಎಲ್ಲಿದೆ ಎಂಬುದೇ ಬಳಕೆದಾರನಿಗೆ ತಿಳಿಯದು.

ಆ ಕೀಲಿ ಸಿಗದಿರುವುದಕ್ಕಿಂತ ದೊಡ್ಡ ಹಾನಿ ಮಾಡುತ್ತಿರುವುದು ಕಣ್ಣಿಗೆ ಸರಿಯೆನ್ನಿಸುವ ತಪ್ಪು. ಕನಾ೯ಟಕ ಎಂದು ಬರೆದದ್ದನ್ನು ನೀವು ನೋಡಿರುತ್ತೀರಿ, ಸರಿಯಾಗಿದೆ ಎಂದುಕೊಂಡೇ ಓದಿರುತ್ತೀರಿ. ಅದರಲ್ಲಿ ಅರ್ಕಾವತ್ತು ಇಲ್ಲ. ನಾ ಆದಮೇಲೆ ಇರುವುದು 0CEF, ಅಂದರೆ ಕನ್ನಡದ ಅಂಕಿ ಒಂಬತ್ತು. ಅರ್ಕಾವತ್ತು ಟೈಪ್ ಮಾಡುವ ಬಗೆ ತಿಳಿಯದವರು ಅದನ್ನು ಹೋಲುವ ಅಂಕಿಯನ್ನು ತಂದು ಕೂರಿಸುತ್ತಾರೆ. ಅನುಸ್ವಾರದ ಜಾಗದಲ್ಲಿ ಸೊನ್ನೆಯನ್ನು ಒತ್ತಿ ಬ೦ಗಾರ ಎಂದು ಬರೆಯುವುದೂ ಇದೇ ಜಾತಿಯದು. ಅಲ್ಲಿ 0C82 ಇರಬೇಕಾದಲ್ಲಿ 0CE6 ಇರುತ್ತದೆ, ಹಲವು ಫಾಂಟ್‌ಗಳಲ್ಲಿ ಎರಡಕ್ಕೂ ವ್ಯತ್ಯಾಸವೇ ಕಾಣದು. ಗೆರೆ ಹೊಂದಿದರೆ ಸಾಕು ಎಂಬ ಹಳೆಯ ಫಾಂಟ್ ಕಾಲದ ಅಭ್ಯಾಸ ಹೊಸ ಸಂಖ್ಯೆಗಳೊಳಗೆ ಹೀಗೆ ನುಸುಳಿದೆ. ಪರೀಕ್ಷಿಸುವುದು ಸುಲಭ. ಕೊಂಡಿಯ ಬಲಕ್ಕೆ ಕರ್ಸರ್ ಇಟ್ಟು ಅಳಿಸುವ ಕೀಲಿ ಒತ್ತಿದಾಗ ಆ ಕೊಂಡಿ ಒಂದೇ ಮೊದಲು ಮಾಯವಾಗಿ ಕನಾ ಉಳಿದರೆ ಅದು ಅಂಕಿ. ಮೈಕ್ರೋಸಾಫ್ಟ್ ವರ್ಡ್‌ನಲ್ಲಾದರೆ ಅನುಮಾನದ ಚಿಹ್ನೆಯ ಬಲಕ್ಕೆ ಕರ್ಸರ್ ಇಟ್ಟು Alt+X ಒತ್ತಿದರೆ ಚಿಹ್ನೆಯ ಜಾಗದಲ್ಲಿ ಅದರ ಸಂಖ್ಯೆಯೇ ಮೂಡುತ್ತದೆ, ಇನ್ನೊಮ್ಮೆ ಒತ್ತಿದರೆ ಚಿಹ್ನೆ ಮರಳುತ್ತದೆ.

ಓದುವವರಿಗೆ ಅರ್ಥವಾದರೆ ಸಾಲದೇ, ಒಳಗೆ ಒಂಬತ್ತಿದ್ದರೇನು ಹತ್ತಿದ್ದರೇನು ಎಂದು ಕೇಳಬಹುದು. ಓದುವವರು ಕಣ್ಣಿನಿಂದಲೇ ಓದುತ್ತಾರೆ ಎಂಬ ಊಹೆ ಈ ಮಾತಿನ ಹಿಂದಿದೆ. ದೃಷ್ಟಿ ಇಲ್ಲದವರು ಪರದೆಯನ್ನು ಓದಿ ಹೇಳುವ ತಂತ್ರಾಂಶ ಬಳಸುತ್ತಾರೆ. ಅದಕ್ಕೆ ಸಿಗುವುದು ಸಂಖ್ಯೆಗಳು, ಗೆರೆಗಳಲ್ಲ. ರಾಜ್ಯದ ಹೆಸರಿನ ನಡುವೆ ಅದು ಒಂಬತ್ತು ಎಂಬ ಅಂಕಿಯನ್ನು ಕಾಣುತ್ತದೆ. ಕಚೇರಿಯ ಕಡತಗಳಲ್ಲಿ ಕರ್ನಾಟಕ ಎಂದು ಹುಡುಕಿದವರಿಗೆ ಕನಾ೯ಟಕ ಎಂದಿರುವ ಕಡತ ಸಿಗುವುದಿಲ್ಲ. ಅಕಾರಾದಿಯಲ್ಲಿ ಜೋಡಿಸಿದರೆ ಅದು ತನ್ನ ಜಾಗದಲ್ಲಿ ಇರುವುದಿಲ್ಲ, ಕಾಗುಣಿತ ತಿದ್ದುವ ತಂತ್ರಾಂಶಕ್ಕೆ ಅದು ಪದವೇ ಅಲ್ಲ. ಕಾಣುವುದೊಂದು ಇರುವುದೊಂದು ಆಗುವ ಕೆಲವು ಸಂದರ್ಭಗಳಿಗೆ ಯೂನಿಕೋಡೇ ಪರಿಹಾರ ಕೊಟ್ಟಿದೆ. ಕೋ ಎಂಬುದನ್ನು ಕಕಾರದ ಮುಂದೆ ಓಕಾರದ ಒಂದೇ ಚಿಹ್ನೆ ಇಟ್ಟೂ ಬರೆಯಬಹುದು, ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರು ಚಿಹ್ನೆ ಇಟ್ಟೂ ಬರೆಯಬಹುದು. ಈ ಎರಡೂ ಒಂದೇ ಎಂದು ಯೂನಿಕೋಡ್ ಘೋಷಿಸಿದೆ, ಒಂದನ್ನು ಇನ್ನೊಂದಾಗಿಸುವ ಖಚಿತ ನಿಯಮವನ್ನೂ ಬರೆದಿದೆ. ಒಳ್ಳೆಯ ತಂತ್ರಾಂಶಗಳು ಹೋಲಿಸುವ ಮೊದಲು ಹಾಗೆ ಮಾಡಿಕೊಳ್ಳುತ್ತವೆ. ಆದರೆ ಅಂಕಿ ಒಂಬತ್ತನ್ನು ಅರ್ಕಾವತ್ತು ಎಂದು ಅದು ಎಂದೂ ಘೋಷಿಸಲಾರದು. ಒಂಬತ್ತು ಎಂದರೆ ಒಂಬತ್ತೇ.

ಮುದ್ರಣದವರ ಆಕ್ಷೇಪ ಇನ್ನೊಂದು ಬಗೆಯದು. ಪುಟ ಕಟ್ಟುವವರಲ್ಲಿ ಹಲವರು ಇಂದಿಗೂ ಹಳೆಯ ಫಾಂಟ್‌ಗಳಲ್ಲೇ ಕೆಲಸ ಮಾಡುತ್ತಾರೆ. ಯೂನಿಕೋಡ್ ಹಾಕಿದರೆ ಅಕ್ಷರ ಒಡೆಯುತ್ತದೆ ಎನ್ನುತ್ತಾರೆ. ಪೇಜ್‌ಮೇಕರ್‌ನಲ್ಲಿ ಅದು ನಿಜ. ಭಾರತೀಯ ಲಿಪಿ ಜೋಡಿಸುವ ಶಕ್ತಿ ಅದಕ್ಕೆ ಬರಲೇ ಇಲ್ಲ. ಇನ್‌ಡಿಸೈನ್‌ನ ಈಚಿನ ಆವೃತ್ತಿಗಳಲ್ಲಿ ಆ ಶಕ್ತಿ ಇದೆ, ಆದರೆ ವರ್ಲ್ಡ್-ರೆಡಿ ಕಂಪೋಸರ್ ಎಂಬುದನ್ನು ಆಯ್ದುಕೊಳ್ಳದಿದ್ದರೆ ಒತ್ತುಗಳು ಹೊರಬಿದ್ದು ನಿಲ್ಲುತ್ತವೆ, ದೂರು ಯೂನಿಕೋಡಿನ ಮೇಲೆ ಬರುತ್ತದೆ. ಪಿಡಿಎಫ್ ಕುರಿತ ದೂರೂ ಇಂಥದ್ದೇ. ಪಿಡಿಎಫ್‌ನಲ್ಲಿ ಮುಖ್ಯವಾಗಿ ಇರುವುದು ಜೋಡಿಸಿ ಮುಗಿಸಿದ ಚಿತ್ರಗಳು, ಪುಟದ ಮೇಲೆ ಅವು ಕುಳಿತ ಜಾಗಗಳು. ಅಲ್ಲಿಂದ ಪಠ್ಯವನ್ನು ನಕಲು ಮಾಡಿದಾಗ ತಂತ್ರಾಂಶ ಚಿತ್ರಗಳನ್ನು ಎಡದಿಂದ ಬಲಕ್ಕೆ ನೋಡುತ್ತಾ ಸಂಖ್ಯೆಗಳನ್ನು ಊಹಿಸುತ್ತದೆ. ಕ, ನಾ, ಆಮೇಲೆ ಅರ್ಕಾವತ್ತು, ಟ, ಕ. ಅದನ್ನು ಹಾಗೆಯೇ ಬರೆದುಕೊಂಡರೆ ಕನಾರ್ಟಕ ಎಂದಾಗುತ್ತದೆ, ಅರ್ಕಾವತ್ತು ಟಕಾರಕ್ಕೆ ಹಾರುತ್ತದೆ. ಪಿಡಿಎಫ್‌ನಿಂದ ತೆಗೆದ ಸುದ್ದಿಗಳಲ್ಲಿ ಸರ್ಕಾರ, ವರ್ಷ, ಮಾರ್ಗದಂಥ ಪದಗಳು ವಿಚಿತ್ರವಾಗುವುದು ಈ ಕಾರಣಕ್ಕೆ. ಮೊದಲು ಯೂನಿಕೋಡಿನಲ್ಲಿದ್ದ ಪಠ್ಯ ಚಿತ್ರವಾಗಿ, ಆ ಚಿತ್ರದಿಂದ ಮತ್ತೆ ಪಠ್ಯ ತೆಗೆಯುವಾಗ ಕೆಡುತ್ತದೆ. ಆದ್ದರಿಂದ ಆದೇಶಗಳನ್ನೂ ಪಠ್ಯಪುಸ್ತಕಗಳನ್ನೂ ಪಿಡಿಎಫ್ ಜೊತೆಗೆ ಮೂಲ ಪಠ್ಯದ ರೂಪದಲ್ಲೂ ಸಾರ್ವಜನಿಕರಿಗೆ ಕೊಡಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಯೂನಿಕೋಡ್ ಕೊಡುವ ಇನ್ನೊಂದು ಭರವಸೆ ಹೆಚ್ಚು ಚರ್ಚೆಯಾಗುವುದಿಲ್ಲ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಅದು ಹಿಂತೆಗೆಯುವುದಿಲ್ಲ, ಬೇರೆ ಅಕ್ಷರಕ್ಕೆ ಕೊಡುವುದಿಲ್ಲ, ಅಕ್ಷರದ ಅಧಿಕೃತ ಹೆಸರನ್ನೂ ಬದಲಿಸುವುದಿಲ್ಲ. ಹಳಗನ್ನಡದ ೞ ಅಕ್ಷರದ ಸ್ಥಾನ 0CDE. ಅದಕ್ಕೆ ಆರಂಭದಲ್ಲಿ ತಪ್ಪಾಗಿ KANNADA LETTER FA ಎಂದು ಹೆಸರು ಬಿತ್ತು. ತಪ್ಪು ಎಂದು ಒಪ್ಪಿಕೊಂಡ ಮೇಲೂ ಆ ಹೆಸರು ಪಟ್ಟಿಯಲ್ಲಿ ಹಾಗೆಯೇ ಇದೆ, ಪಕ್ಕದಲ್ಲಿ ತಿದ್ದುಪಡಿಯ ಟಿಪ್ಪಣಿ ಇದೆ. ನೋಡಲು ಇದು ಹಟಮಾರಿತನದಂತೆ ಕಾಣಬಹುದು. ಆದರೆ ಹೆಸರನ್ನೋ ಸಂಖ್ಯೆಯನ್ನೋ ನಂಬಿ ಬರೆದ ಎಷ್ಟೋ ತಂತ್ರಾಂಶಗಳು ಲೋಕದಲ್ಲಿವೆ, ಅವುಗಳ ಕಾಲ ಕೆಳಗಿನ ನೆಲ ಕದಲಬಾರದು. ಹೊಸದನ್ನು ಸೇರಿಸಲು ಮಾತ್ರ ಅಡ್ಡಿಯಿಲ್ಲ. ಹಳೆಯ ಬರಹಗಳಲ್ಲಿ ಬರುವ ನಕಾರಪೊಲ್ಲು 0CDD ಸ್ಥಾನವನ್ನು ಪಡೆದದ್ದು 2021ರಲ್ಲಿ.

ಇನ್ನು ಉಳಿದದ್ದು ಹಳೆಯ ಫಾಂಟ್‌ಗಳಲ್ಲಿ ಬಿದ್ದಿರುವ ಕಡತಗಳು: ಸ್ಮರಣ ಸಂಚಿಕೆಗಳು, ಸಂಶೋಧನ ಪ್ರಬಂಧಗಳು, ಗ್ರಾಮದ ದಾಖಲೆಗಳು. ಇವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳಿವೆ. ಅವು ಮಾಡಬೇಕಾದ ಕಷ್ಟದ ಕೆಲಸ ಚಿಹ್ನೆಗೆ ಚಿಹ್ನೆ ಬದಲಿಸುವುದಲ್ಲ. £Áð ಎಂಬಲ್ಲಿ ð ಕಂಡಾಗ ಹಿಂದಕ್ಕೆ ಹೋಗಿ, ದೀರ್ಘವನ್ನೂ ನಡುವೆ ಒತ್ತುಗಳಿದ್ದರೆ ಅವನ್ನೂ ದಾಟಿ, ಅಕ್ಷರ ಶುರುವಾದ ಜಾಗದಲ್ಲಿ ರಕಾರ ಮತ್ತು ಹಲಂತವನ್ನು ಇಡಬೇಕು. ಸರಿಯಾಗಿ ಹಿಂದೆ ಹೋಗದ ಪರಿವರ್ತಕದಿಂದ ಬಂದ ಪಠ್ಯದಲ್ಲಿ ಅರ್ಕಾವತ್ತಿನ ಪದಗಳೆಲ್ಲ ಕೆಟ್ಟಿರುತ್ತವೆ, ಆದ್ದರಿಂದ ಪರಿಶೀಲನೆಯನ್ನು ಸರ್ಕಾರ, ವರ್ಷ, ಕಾರ್ಯದರ್ಶಿ ಎಂಬಂಥ ಪದಗಳಿಂದ ಶುರುಮಾಡಬೇಕು. ಎರಡನೆಯ ತೊಡಕು ನಡುವೆ ಬರುವ ಇಂಗ್ಲಿಷ್. ಹಳೆಯ ಕಡತದಲ್ಲಿ P ಎಂಬ ಸಂಖ್ಯೆ ಇಂಗ್ಲಿಷಿನ P ಆಗಿರಬಹುದು, ಕಕಾರದ ಒಡಲೂ ಆಗಿರಬಹುದು. ಎರಡನ್ನೂ ಬೇರ್ಪಡಿಸುವ ಗುರುತು ಅಲ್ಲಿ ಫಾಂಟಿನ ಹೆಸರು ಒಂದೇ. ವರ್ಡ್ ಕಡತದಲ್ಲಿ ಆ ಹೆಸರು ಪ್ರತಿ ತುಂಡಿನ ಜೊತೆಗೆ ಉಳಿದಿರುತ್ತದೆ. ಪಠ್ಯವನ್ನು ನಕಲು ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿದ ಕೂಡಲೇ ಅದು ಅಳಿಸಿಹೋಗುತ್ತದೆ, ಆಮೇಲೆ ಯಾವ ಪರಿವರ್ತಕಕ್ಕೂ ಎರಡರ ಭೇದ ತಿಳಿಯುವುದಿಲ್ಲ, ವಿಳಾಸಗಳೂ ಇಂಗ್ಲಿಷ್ ಹೆಸರುಗಳೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಹಾಗಾಗಿ ಮೂಲ ವರ್ಡ್ ಕಡತವನ್ನೇ ಪರಿವರ್ತಕಕ್ಕೆ ಕೊಡಬೇಕು, ಪರಿವರ್ತನೆ ಮುಗಿದ ಮೇಲೂ ಮೂಲವನ್ನು ಅದರ ಫಾಂಟಿನ ಸಮೇತ ತೆಗೆದಿಡಬೇಕು.